ಆರನೆಯ ಮೂಲದ ಆದೇಶ

ಅನುಕಲನವನ್ನು ಅಭ್ಯಸಿಸುವವರು ಒಂದಲ್ಲ ಒಂದು ದಿನ ಎದುರಿಸಲೇಬೇಕಾದ, ನೋಟಕ್ಕೆ ಅತ್ಯಂತ ಸರಳವಾಗಿದ್ದರೂ ಕೈಯಿಟ್ಟೊಡನೆಯೆ ಪರಿಚಿತ ಸೂತ್ರಗಳೆಲ್ಲವನ್ನೂ ನಿಷ್ಫಲಗೊಳಿಸುವ ಒಂದು ಅನುಕಲವುಂಟು:

∫ dx / (√x + ∛x)

ಛೇದದಲ್ಲಿ ವರ್ಗಮೂಲವೊಂದೇ ಇದ್ದಿದ್ದರೆ ಉತ್ತರ 2√x ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಾಗಿತ್ತು. ಘನಮೂಲವೊಂದೇ ಇದ್ದಿದ್ದರೂ ಘಾತಾಂಕಕ್ಕೆ ಒಂದನ್ನು ಕೂಡಿಸಿ ಅದರಿಂದ ಭಾಗಿಸುವ ಹಳೆಯ ನಿಯಮವೇ ಸಾಕಾಗುತ್ತಿತ್ತು. ಆದರೆ ಎರಡೂ ಕೂಡಿ ಛೇದದಲ್ಲಿ ಕುಳಿತಿರುವಾಗ ಅವನ್ನು ಬಿಡಿಸಿ ಎರಡು ಭಿನ್ನಗಳನ್ನಾಗಿ ಮಾಡುವುದಕ್ಕೆ ಬೀಜಗಣಿತದಲ್ಲಿ ಯಾವ ಅನುಮತಿಯೂ ಇಲ್ಲ. ಅಂಶದಲ್ಲಿಯ ಮೊತ್ತವನ್ನು ಬಿಡಿಸಬಹುದೇ ಹೊರತು ಛೇದದಲ್ಲಿಯ ಮೊತ್ತವನ್ನು ಬಿಡಿಸಲಾಗದೆಂಬುದು ಚಿಕ್ಕ ತರಗತಿಗಳಲ್ಲಿಯೇ ಕಲಿತ ವಿಷಯವಾದರೂ, ಅದನ್ನು ಮರೆತು ಇಲ್ಲಿ 2√x ಮತ್ತು (3/2)x^(2/3) ಎಂಬುವನ್ನು ಕೂಡಿಸಿ ಉತ್ತರವೆಂದು ಬರೆಯುವ ವಿದ್ಯಾರ್ಥಿಗಳು ಈಗಲೂ ವಿರಳರಲ್ಲ.

ತೊಡಕಿನ ಮೂಲವೆಲ್ಲಿದೆಯೆಂಬುದನ್ನು ಮೊದಲು ಸ್ಪಷ್ಟವಾಗಿ ಕಾಣಬೇಕು. ವರ್ಗಮೂಲವೆಂದರೆ x ನ ಘಾತ 1/2, ಘನಮೂಲವೆಂದರೆ ಘಾತ 1/3. ಘಾತಾಂಕಗಳು ಭಿನ್ನಗಳಾಗಿರುವುದರಿಂದ ಛೇದವು ಬಹುಪದೋಕ್ತಿಯಾಗಿಲ್ಲ. ಬಹುಪದೋಕ್ತಿಯಲ್ಲದ ಛೇದದ ಮೇಲೆ ಭಾಗಾಕಾರವಾಗಲಿ, ಆಂಶಿಕ ಭಿನ್ನಗಳ ವಿಧಾನವಾಗಲಿ ನಡೆಯಲಾರದು. ಹೀಗಿರುವಲ್ಲಿ ಮಾಡತಕ್ಕದ್ದು ಸೂತ್ರಗಳನ್ನು ಹುಡುಕುವುದಲ್ಲ, ಎರಡು ಘಾತಾಂಕಗಳೂ ಏಕಕಾಲದಲ್ಲಿ ಪೂರ್ಣಾಂಕಗಳಾಗುವಂಥ ಹೊಸ ಚರವೊಂದನ್ನು ಹುಡುಕುವುದು. ಅರ್ಧವನ್ನೂ ಮೂರನೆಯ ಒಂದನ್ನೂ ಕೂಡಿಸುವಾಗ ನಾವು ಯಾವ ಸಮಾನ ಛೇದವನ್ನು ತರುತ್ತೇವೆಯೊ ಅದೇ ಸಂಖ್ಯೆ ಇಲ್ಲಿಯೂ ಬೇಕಾದದ್ದು: 2 ಮತ್ತು 3 ರ ಲಘುತಮ ಸಾಮಾನ್ಯ ಅಪವರ್ತ್ಯ 6. ಆದುದರಿಂದ x ನ ಆರನೆಯ ಮೂಲವನ್ನು t ಎಂದು ಕರೆದು, x ಇರುವಲ್ಲೆಲ್ಲ t⁶ ಎಂದು ಆದೇಶಿಸಿದರೆ, √x ಎಂಬುದು t³ ಆಗಿಯೂ ∛x ಎಂಬುದು t² ಆಗಿಯೂ ಪರಿಣಮಿಸಿ, ಮೂಲಚಿಹ್ನೆಗಳೆರಡೂ ಒಮ್ಮೆಲೇ ಅಳಿಸಿಹೋಗುತ್ತವೆ.

ಆದರೆ ಬದಲಾದದ್ದು ಛೇದ ಮಾತ್ರವಲ್ಲ. ಅನುಕಲದ ಕೊನೆಯಲ್ಲಿ ನಿಂತಿರುವ dx ಎಂಬುದು ಕೇವಲ ಅಲಂಕಾರವೆಂದು ತಿಳಿದವರು ಇಲ್ಲಿ ತಪ್ಪುವರು. x ನಲ್ಲಿಯ ಒಂದು ಸಣ್ಣ ಹೆಜ್ಜೆಯೂ t ಯಲ್ಲಿಯ ಅದೇ ಸಣ್ಣ ಹೆಜ್ಜೆಯೂ ಸಮವಲ್ಲ. t ಯು 1 ರಿಂದ 1.1 ಕ್ಕೆ ಸರಿದಾಗ x ಎಂಬುದು 1 ರಿಂದ ಸುಮಾರು 1.77 ಕ್ಕೆ ಮಾತ್ರ ಹೋಗುತ್ತದೆ, ಆದರೆ t ಯು 1.9 ರಿಂದ 2 ಕ್ಕೆ ಸರಿದಾಗ, ಅದೇ ಹತ್ತನೆಯ ಒಂದರಷ್ಟು ಸರಿದಾಗ, x ಎಂಬುದು ಸುಮಾರು 47.05 ರಿಂದ 64 ರ ವರೆಗೆ, ಹೆಚ್ಚುಕಡಿಮೆ ಹದಿನೇಳರಷ್ಟು ದೂರ ಹಾರಿಬಿಡುತ್ತದೆ. ಈ ಹಿಗ್ಗುವಿಕೆಯನ್ನು ಪ್ರತಿ ಬಿಂದುವಿನಲ್ಲಿಯೂ ಲೆಕ್ಕವಿಡುವ ಗುಣಕವೇ t⁶ ಎಂಬುದರ ಅವಕಲನದಿಂದ ದೊರೆಯುವ 6t⁵. ಆದ್ದರಿಂದ dx ಎಂಬುದರ ಸ್ಥಾನದಲ್ಲಿ 6t⁵ dt ಎಂದು ಬರೆಯತಕ್ಕದ್ದು. ಆಗ ನಮ್ಮ ಅನುಕಲವು ಈ ರೂಪವನ್ನು ತಾಳುತ್ತದೆ:

∫ 6t⁵ dt / (t³ + t²) = 6 ∫ t³ dt / (t + 1)

ಅಂಶ ಛೇದಗಳೆರಡರಲ್ಲಿಯೂ ಇದ್ದ t² ಹೊಡೆದುಹೋದದ್ದನ್ನು ಓದುಗರು ಗಮನಿಸಿರಬಹುದು. ಈಗ ಉಳಿದಿರುವುದು ಬಹುಪದೋಕ್ತಿಯನ್ನು ಬಹುಪದೋಕ್ತಿಯಿಂದ ಭಾಗಿಸುವ ಶಾಲೆಯ ಕೆಲಸ. t³ ನ್ನು t + 1 ರಿಂದ ಭಾಗಿಸಿದರೆ ಭಾಗಲಬ್ಧ t² − t + 1, ಶೇಷ −1. ಭಾಗಲಬ್ಧವನ್ನು ಪದಪದವಾಗಿ ಅನುಕಲಿಸಿ, ಶೇಷದಿಂದ ಬಂದ ಭಿನ್ನಕ್ಕೆ ಸ್ವಾಭಾವಿಕ ಲಘುಗಣಕವನ್ನು ಬರೆದು, ಕೊನೆಗೆ t ಯನ್ನು ಪುನಃ x ನ ಮೂಲಗಳಾಗಿ ತಿರುಗಿಸಿದರೆ ಉತ್ತರವು ಹೀಗಾಗುತ್ತದೆ:

2√x − 3∛x + 6x^(1/6) − 6 ln(1 + x^(1/6)) + C

ಪ್ರಶ್ನೆಯಲ್ಲಿ ಎಲ್ಲಿಯೂ ಕಾಣದಿದ್ದ ಆರನೆಯ ಮೂಲವೂ ಲಘುಗಣಕವೂ ಉತ್ತರದಲ್ಲಿ ಅನಿವಾರ್ಯವಾಗಿ ತಲೆದೋರಿರುವುದನ್ನು ನೋಡಿದರೆ, ಇದನ್ನು ಊಹೆಯಿಂದ ಕಂಡುಹಿಡಿಯುವುದು ಏಕೆ ಅಸಾಧ್ಯವೆಂಬುದು ಮನವರಿಕೆಯಾಗುವುದು. ಸಂಶಯವುಳ್ಳವರು ಅವಕಲಿಸಿ ನೋಡಬಹುದು. ಅವಕಲಿಸುವಾಗಲೂ x^(1/6) ಎಂಬುದನ್ನು t ಎಂದೇ ಬರೆದುಕೊಂಡರೆ ಶ್ರಮ ಕಡಮೆ: ನಾಲ್ಕು ಪದಗಳನ್ನೂ t⁵(t + 1) ಎಂಬ ಸಮಾನ ಛೇದಕ್ಕೆ ತಂದಾಗ ಅಂಶದಲ್ಲಿ (t² − t + 1)(t + 1) − 1, ಅಂದರೆ t³ ಮಾತ್ರ ಉಳಿದು, ಭಿನ್ನವು 1/(t³ + t²) ಆಗಿ, ನಾವು ಹೊರಟ ಸ್ಥಾನಕ್ಕೆ ಬಂದು ಸೇರುತ್ತೇವೆ.

ಮೇರೆಗಳುಳ್ಳ ಅನುಕಲವಾದರೆ ಇನ್ನೊಂದು ಎಚ್ಚರಿಕೆ ಅಗತ್ಯ. x ಎಂಬುದು 1 ರಿಂದ 64 ರ ವರೆಗೆ ಚಲಿಸುವುದೆಂದು ಇಟ್ಟುಕೊಳ್ಳೋಣ. 64 ರ ಆರನೆಯ ಮೂಲ 2 ಆದುದರಿಂದ t ಯು 1 ರಿಂದ 2 ರ ವರೆಗೆ ಮಾತ್ರ ಚಲಿಸುವುದು. ಈ ಹೊಸ ಮೇರೆಗಳನ್ನು ಹಾಕಿ ಗಣಿಸಿದರೆ ಮೌಲ್ಯವು 11 − 6 ln(3/2), ಅಂದರೆ ಸುಮಾರು 8.567. ಈ ಸಂಖ್ಯೆ ನಂಬಲರ್ಹವೇ ಎಂಬುದನ್ನು ತಿಳಿಯುವುದಕ್ಕೆ ಯಾವ ಯಂತ್ರವೂ ಬೇಡ. ಮೂಲ ಅನುಕಲ್ಯವು x = 1 ರಲ್ಲಿ 1/2 ಆಗಿದ್ದು ಕ್ರಮವಾಗಿ ಇಳಿಯುತ್ತ x = 64 ರಲ್ಲಿ, ವರ್ಗಮೂಲ 8 ಘನಮೂಲ 4 ಆಗುವುದರಿಂದ, 1/12 ಕ್ಕೆ ಬಂದು ನಿಲ್ಲುತ್ತದೆ. ನಡುವಿನ ಉದ್ದ 63. ಹಾಗಾದರೆ ಅನುಕಲದ ಮೌಲ್ಯವು 63/12, ಅಂದರೆ 5.25 ಕ್ಕಿಂತ ಹೆಚ್ಚಾಗಿಯೂ 31.5 ಕ್ಕಿಂತ ಕಡಮೆಯಾಗಿಯೂ ಇರಲೇಬೇಕು. ನಮ್ಮ 8.567 ಈ ಎಲ್ಲೆಯೊಳಗಿದೆ, ಅದರಲ್ಲಿಯೂ ವಕ್ರರೇಖೆಯು ಬೇಗನೆ ಇಳಿದುಬಿಡುವುದಕ್ಕೆ ತಕ್ಕಂತೆ ಕೆಳಗಿನ ಎಲ್ಲೆಗೆ ಹತ್ತಿರವಾಗಿಯೇ ಇದೆ.

ಈ ಸುಲಭ ಪರೀಕ್ಷೆ ಎಷ್ಟು ಬಲವಾದುದೆಂಬುದು ತಪ್ಪು ಮಾಡಿದಾಗ ಗೊತ್ತಾಗುವುದು. 6t⁵ ಎಂಬ ಗುಣಕವನ್ನು ಬಿಟ್ಟು dx ನ ಜಾಗದಲ್ಲಿ ಬರಿಯ dt ಬರೆದವನಿಗೆ ಸಿಗುವ ಮೌಲ್ಯ ಸುಮಾರು 0.212, ಅದು 5.25 ರ ಸಮೀಪಕ್ಕೂ ಬಾರದು. ಗುಣಕವನ್ನು ಸರಿಯಾಗಿ ಬರೆದು, ಆದರೆ ಮೇರೆಗಳನ್ನು ಬದಲಿಸದೆ t ಗೆ 1 ಮತ್ತು 64 ನ್ನೇ ಕೊಟ್ಟವನಿಗೆ ಐದು ಲಕ್ಷವನ್ನು ಮೀರಿದ ಸಂಖ್ಯೆ ದೊರೆಯುವುದು. ಎರಡು ತಪ್ಪುಗಳೂ ಒಂದೊಂದು ಕಡೆಗೆ ಎದ್ದು ಕಾಣುವಂಥವು. ಹೀಗಿದ್ದರೂ ಉತ್ತರಪತ್ರಿಕೆಗಳಲ್ಲಿ ಅವು ಉಳಿದುಬರುವುದಕ್ಕೆ ಕಾರಣವೆಂದರೆ, ಮೂಲ ಅನುಕಲ್ಯದ ಆದಿ ಅಂತ್ಯಗಳ ಮೌಲ್ಯವನ್ನು ಒಂದು ಕ್ಷಣ ನೋಡುವ ಅಭ್ಯಾಸವನ್ನು ನಾವು ಕಲಿಸದಿರುವುದು.

ಮೂಲದ ಆಯ್ಕೆಯಲ್ಲಿಯೂ ಎರಡು ಬಗೆಯ ತಪ್ಪುಗಳು ಸಾಧ್ಯ, ಆದರೆ ಅವುಗಳ ಫಲ ಒಂದೇ ಸಮನಲ್ಲ. x = t² ಎಂದು ಆದೇಶಿಸಿದವನಿಗೆ ವರ್ಗಮೂಲ ಹೋಗಿ t^(2/3) ಎಂಬ ಹೊಸ ಭಿನ್ನಘಾತ ಎದುರಾಗುವುದು; ಕೆಲಸ ಅರ್ಧದಲ್ಲಿ ನಿಂತಿತು, ಮತ್ತೊಮ್ಮೆ ಘನಮೂಲದ ಆದೇಶ ಮಾಡಲೇಬೇಕು. ಲಘುತಮವನ್ನು ಮೀರಿ x = t¹² ಎಂದು ಬರೆದವನು ತಪ್ಪಿದನೆನ್ನಲಾಗದು; ಅವನಿಗೆ 12t⁷/(t² + 1) ಎಂಬ ಭಿನ್ನ ದೊರೆತು, ಹೆಚ್ಚಿನ ಘಾತಗಳ ಭಾಗಾಕಾರ ಮಾಡಿಯಾದ ಮೇಲೆ ಅದೇ ಉತ್ತರ ಬಂದೇ ಬರುವುದು. ಒಂದು ಸೂಕ್ಷ್ಮ ಮಾತ್ರ ಉಳಿಯಿತು: ಸಮಮೂಲವೊಂದು ಅನುಕಲ್ಯದಲ್ಲಿರುವಾಗ t ಯನ್ನು ಋಣವಾಗಿ ತೆಗೆದುಕೊಳ್ಳತಕ್ಕದ್ದಲ್ಲ. t = −1 ಆದಾಗಲೂ t⁶ ಎಂಬುದು 1 ಆಗುತ್ತದೆ, ಆದರೆ √1 ಎಂಬುದು 1, t³ ಎಂಬುದು −1; ಆದೇಶವೇ ಸುಳ್ಳಾಯಿತು. ಘನಮೂಲದಂಥ ವಿಷಮಮೂಲಗಳು ಮಾತ್ರ ಇದ್ದರೆ ಈ ನಿರ್ಬಂಧವಿಲ್ಲ. 1/(1 + ∛x) ಎಂಬುದನ್ನು ಅನುಕಲಿಸುವಾಗ x ಋಣವಾಗಬಹುದು, t ಯೂ ಋಣವಾಗಬಹುದು. ಆಗ ಮಾತ್ರ ಲಘುಗಣಕದೊಳಗೆ ನಿರಪೇಕ್ಷ ಮೌಲ್ಯದ ಗೆರೆಗಳನ್ನು ಮರೆಯದೆ ಹಾಕಬೇಕು, x = −1 ಎಂಬ ಬಿಂದುವನ್ನು ದಾಟಿ ಅನುಕಲಿಸಲೂಬಾರದು.

ಈ ಉಪಾಯವನ್ನು ಕೇವಲ ಜಾಣತನದ ತಂತ್ರವೆಂದು ಭಾವಿಸುವುದು ಅನ್ಯಾಯ. ಅದರ ಬಲವಿರುವುದು ಮೂಲವನ್ನು ಕಳೆದ ಮೇಲೆ ನಾವು ಎಲ್ಲಿಗೆ ಬಂದು ತಲುಪುತ್ತೇವೆಂಬುದರಲ್ಲಿ. x ನ ಭಿನ್ನಘಾತಗಳನ್ನು ಕೂಡಿ, ಕಳೆದು, ಗುಣಿಸಿ, ಭಾಗಿಸಿ ರಚಿಸಿದ ಯಾವುದೇ ಅನುಕಲ್ಯವೂ ತಕ್ಕ ಆದೇಶದಿಂದ ಎರಡು ಬಹುಪದೋಕ್ತಿಗಳ ಭಿನ್ನವಾಗುತ್ತದೆ. ಅಂಥ ಭಿನ್ನ ಯಾವುದೇ ಆಗಲಿ, ಅದರ ಅನುಕಲವು ಬಹುಪದೋಕ್ತಿ, ಭಿನ್ನ, ಲಘುಗಣಕ, ವಿಲೋಮ ಟ್ಯಾಂಜೆಂಟ್ ಎಂಬಿವುಗಳಿಂದಲೇ ರಚಿತವಾಗುವುದೆಂಬ ಭರವಸೆಯುಂಟು. ಲಿಯೊನಾರ್ಡ್ ಆಯ್ಲರ್ 1768 ರಲ್ಲಿ ಪ್ರಕಟಿಸತೊಡಗಿದ ಅನುಕಲನ ಗ್ರಂಥದ ಮೊದಲನೆಯ ಸಂಪುಟದಲ್ಲಿ ಭಿನ್ನರೂಪದ ಫಲನಗಳನ್ನು ಮುಗಿಸಿದೊಡನೆಯೇ ಕರಣಿಗಳುಳ್ಳ ಫಲನಗಳಿಗೆ ಕೈಹಾಕಿದ್ದು ಈ ಕ್ರಮದ ಔಚಿತ್ಯವನ್ನು ತೋರಿಸುತ್ತದೆ: ಮೊದಲು ಗಮ್ಯಸ್ಥಾನ, ಆಮೇಲೆ ದಾರಿ. ಆದರೆ ಭರವಸೆಯಿದ್ದಲ್ಲೆಲ್ಲ ಸೌಲಭ್ಯವೂ ಇರುವುದೆಂದು ತಿಳಿಯಬಾರದು. ನಮ್ಮ ಛೇದಕ್ಕೆ ಒಂದನ್ನು ಕೂಡಿಸಿ 1 + √x + ∛x ಎಂದು ಮಾಡಿದರೆ ಸಾಕು, ಆದೇಶದ ಬಳಿಕ t³ + t² + 1 ಎಂಬ ಛೇದ ಬರುವುದು. ಅದರ ಒಂದೇ ವಾಸ್ತವ ಮೂಲವು −1.4656 ರ ಸಮೀಪದಲ್ಲಿದ್ದು ಯಾವ ಸರಳ ಭಿನ್ನವೂ ಆಗಿಲ್ಲವಾದ್ದರಿಂದ ಅಪವರ್ತನಗಳನ್ನು ಬರೆಯುವುದೇ ಪ್ರಯಾಸವಾಗುತ್ತದೆ. ಪಠ್ಯಪುಸ್ತಕದ ಲೆಕ್ಕಗಳು ಚೊಕ್ಕವಾಗಿ ಮುಗಿಯುವುದು ಅವನ್ನು ಹಾಗೆ ಆರಿಸಿರುವುದರಿಂದ.

ಮೂಲದೊಳಗೆ ಬರಿಯ x ಇರಬೇಕೆಂಬ ನಿಯಮವೂ ಇಲ್ಲ. √(3x + 5) ಎಂಬಲ್ಲಿ ಇಡೀ ಮೂಲವನ್ನೇ t ಎಂದು ಕರೆದರೆ x ಎಂಬುದು (t² − 5)/3 ಆಗಿ ಎಲ್ಲವೂ ಹಿಂದಿನಂತೆಯೇ ನಡೆಯುವುದು. ಅದರ ವಿಸ್ತಾರ ಇಲ್ಲಿ ಬೇಡ. ಇದಕ್ಕಿಂತ ಅಗತ್ಯವಾದದ್ದು ಇಂಥ ಅನುಕಲವು ಕಾಗದದ ಹೊರಗೆ ಹುಟ್ಟುವ ಒಂದು ಸಂದರ್ಭ.

ಪಾತ್ರೆಯ ತಳದ ರಂಧ್ರದಿಂದ ನೀರು ಹೊರಬೀಳುವ ವೇಗವು ನೀರಿನ ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುವುದೆಂಬ ನಿಯಮವನ್ನು ಇಟಲಿಯ ಟೊರಿಚೆಲ್ಲಿ 1644 ರಲ್ಲಿ ಪ್ರಕಟಿಸಿದನು. ನೇರವಾದ ಪಕ್ಕಗಳುಳ್ಳ ಒಂದು ಪೀಪಾಯಿಯನ್ನು ತೆಗೆದುಕೊಳ್ಳೋಣ. ಮೇಲಿನ ನಲ್ಲಿಯೊಂದೇ ಇದ್ದರೆ ನೀರು ನಿಮಿಷಕ್ಕೆ 12 ಸೆಂಟಿಮೀಟರ್ ಏರುವುದೆಂದೂ, ತಳದ ರಂಧ್ರವೊಂದೇ ಇದ್ದರೆ ಎತ್ತರ h ಸೆಂಟಿಮೀಟರ್ ಇರುವಾಗ ನಿಮಿಷಕ್ಕೆ 2√h ಸೆಂಟಿಮೀಟರ್ ಇಳಿಯುವುದೆಂದೂ ಇರಲಿ. ಎರಡೂ ಏಕಕಾಲದಲ್ಲಿ ತೆರೆದಿರುವಾಗ ಬರಿದಾದ ಪೀಪಾಯಿಯಲ್ಲಿ ನೀರು 25 ಸೆಂಟಿಮೀಟರ್ ಏರುವುದಕ್ಕೆ ಎಷ್ಟು ಹೊತ್ತು ಬೇಕು? ಪ್ರತಿಯೊಂದು ಸಣ್ಣ ಏರಿಕೆಗೆ ಹಿಡಿಯುವ ಕಾಲವೆಂದರೆ ಆ ಏರಿಕೆಯನ್ನು ಆಗಿನ ವೇಗದಿಂದ ಭಾಗಿಸಿದ್ದು. ಆದುದರಿಂದ ಒಟ್ಟು ಕಾಲವು

∫ dh / (12 − 2√h)

ಎಂಬುದನ್ನು 0 ಯಿಂದ 25 ರ ವರೆಗೆ ಅನುಕಲಿಸಿದಷ್ಟು. ಇಲ್ಲಿ ಒಂದೇ ಮೂಲವಿರುವುದರಿಂದ h = u² ಎಂಬ ಆದೇಶ ಸಾಕು; dh ಎಂಬುದು 2u du, ಮೇರೆಗಳು 0 ಯಿಂದ 5. ಎರಡನ್ನು ಹೊಡೆದುಹಾಕಿದ ಮೇಲೆ ಉಳಿಯುವುದು u/(6 − u), ಅಂದರೆ 6/(6 − u) − 1. ಇದರ ಅನುಕಲ −6 ln(6 − u) − u. ಮೇರೆಗಳನ್ನು ಹಾಕಿದರೆ 6 ln 6 − 5, ಸುಮಾರು 5.75 ನಿಮಿಷ. ರಂಧ್ರವಿಲ್ಲದಿದ್ದರೆ ಎರಡು ನಿಮಿಷಗಳಿಗೆ ತುಸು ಹೆಚ್ಚಿನಲ್ಲಿಯೇ ಮುಗಿಯಬೇಕಾಗಿದ್ದ ಕೆಲಸವಿದು.

ಈ ಉತ್ತರದಲ್ಲಿಯ ಲಘುಗಣಕವು ಬೀಜಗಣಿತದ ಉಪೋತ್ಪನ್ನವಷ್ಟೇ ಅಲ್ಲ, ಪೀಪಾಯಿಯ ನಡತೆಯನ್ನೇ ಅದು ನುಡಿಯುತ್ತದೆ. ಅದೇ ಸೂತ್ರದಿಂದ 35 ಸೆಂಟಿಮೀಟರ್ ತಲುಪುವ ಕಾಲವನ್ನು ಗಣಿಸಿದರೆ ಸುಮಾರು 19.7 ನಿಮಿಷ ಬರುವುದು; ಮೊದಲ 25 ಸೆಂಟಿಮೀಟರ್‌ಗೆ ಆರು ನಿಮಿಷವೂ ಹಿಡಿಯದ ನೀರು ಮುಂದಿನ 10 ಸೆಂಟಿಮೀಟರ್‌ಗೆ ಹೆಚ್ಚುಕಡಿಮೆ 14 ನಿಮಿಷ ತೆಗೆದುಕೊಳ್ಳುತ್ತದೆ. 36 ಸೆಂಟಿಮೀಟರಿನಲ್ಲಿ u ಎಂಬುದು 6 ಆಗಿ, ln(6 − u) ಋಣದಿಕ್ಕಿನಲ್ಲಿ ಅಪರಿಮಿತವಾಗಿ ಹೋಗುವುದರಿಂದ, ಕಾಲವು ಅನಂತವಾಗುವುದು. ಆ ಎತ್ತರದಲ್ಲಿ ಒಳಬರುವ ನೀರೂ ಹೊರಹೋಗುವ ನೀರೂ ಸಮವಾಗುವುವೆಂಬುದನ್ನು ಮೊದಲೇ ಕಾಣಬಹುದಾಗಿತ್ತು. ಆದರೆ ನೀರು ಅದನ್ನು ಸಮೀಪಿಸುತ್ತಲೇ ಇದ್ದು ಎಂದೂ ಮುಟ್ಟದೆಂಬುದನ್ನು ಖಚಿತವಾಗಿ ಹೇಳಿದ್ದು ಆದೇಶದ ಬಳಿಕ ಹೊರಬಿದ್ದ ಶೇಷಪದ.

ಮೂಲವನ್ನು ಕಳೆಯುವುದರಿಂದಲೇ ಅನುಕಲ ಸಿದ್ಧಿಸುವುದೆಂದು ಯಾರೂ ತೀರ್ಮಾನಿಸಬಾರದು. e^(√x) ಎಂಬುದಕ್ಕೆ x = t² ಎಂದು ಆದೇಶಿಸಿದರೆ 2t eᵗ ದೊರೆತು, ಭಾಗಶಃ ಅನುಕಲನದಿಂದ 2(√x − 1)e^(√x) ಎಂಬ ಉತ್ತರ ಸುಲಭವಾಗಿ ಬರುವುದು. ಆದರೆ eˣ/√x ಎಂಬುದಕ್ಕೆ ಅದೇ ಆದೇಶವನ್ನು ಮಾಡಿದರೆ ಕರಣಿ ಪೂರ್ಣವಾಗಿ ಹೋಗಿ 2e^(t²) ಎಂಬ ನಿರ್ಮಲವಾದ ರೂಪ ಬಂದರೂ ಅದರ ಅನುಕಲವನ್ನು ಪರಿಚಿತ ಫಲನಗಳಲ್ಲಿ ಬರೆಯಲು ಸಾಧ್ಯವೇ ಇಲ್ಲ. ಕರಣಿ ಇಲ್ಲಿ ತೊಡಕಿನ ಕಾರಣವಾಗಿರಲಿಲ್ಲ. ತೊಡಕು ಘಾತೀಯ ಫಲನದಲ್ಲಿತ್ತು.

ಘಾತೀಯ ಫಲನವಿಲ್ಲದೆ ಬರಿಯ ಕರಣಿಗಳೇ ಇರುವಲ್ಲಿಯೂ ಒಂದು ಎಲ್ಲೆಯುಂಟು, ಅದು ಎಲ್ಲಿ ಬೀಳುವುದೆಂಬುದನ್ನು ನೋಡುವುದಕ್ಕೆ ಸೋದರರಂತೆ ಕಾಣುವ ಎರಡು ಅನುಕಲ್ಯಗಳನ್ನು ಪಕ್ಕಪಕ್ಕದಲ್ಲಿಡಬೇಕು: √(1 + √x) ಮತ್ತು √(1 + x√x). ಮೊದಲನೆಯದರಲ್ಲಿ x = t² ಎಂದರೆ ಒಳಗಿನ ಮೂಲ ಹೋಗಿ 2t√(1 + t) ಉಳಿಯುವುದು; 1 + t = s² ಎಂಬ ಎರಡನೆಯ ಆದೇಶದಿಂದ ಹೊರಗಿನದೂ ಹೋಗಿ 4(s² − 1)s² ಎಂಬ ಬಹುಪದೋಕ್ತಿ ದೊರೆಯುವುದು. 0 ಯಿಂದ 1 ರ ವರೆಗೆ ಅದರ ಮೌಲ್ಯ 8(√2 + 1)/15, ಅಂದರೆ ಸುಮಾರು 1.2876. ಎರಡನೆಯದರಲ್ಲಿಯೂ x = t² ಎಂಬುದು ಒಳಗಿನ ಮೂಲವನ್ನು ಕಳೆದು 2t√(1 + t³) ಎಂಬಲ್ಲಿಗೆ ತರುತ್ತದೆ, ಆದರೆ ಅಲ್ಲಿಂದ ಮುಂದೆ ದಾರಿಯಿಲ್ಲ; ಹೊರಗಿನ ಮೂಲದೊಳಗೆ ಕುಳಿತ ಘನಘಾತವು ಯಾವ ಆದೇಶಕ್ಕೂ ಮಣಿಯದು.

ಇದು ನಮ್ಮ ಅಸಾಮರ್ಥ್ಯವಲ್ಲ, ಸಾಧಿತವಾದ ಸತ್ಯ. x ನ ಘಾತ m ನ್ನು (a + bxⁿ) ಎಂಬುದರ ಘಾತ p ಯಿಂದ ಗುಣಿಸಿದ ಅನುಕಲ್ಯಗಳು ಯಾವಾಗ ಸಾಧ್ಯವೆಂಬುದನ್ನು ನ್ಯೂಟನ್ 1676 ರಲ್ಲಿ ಲೈಬ್ನಿಟ್ಸ್‌ಗೆ ತಲುಪಲೆಂದು ಬರೆದ ಪತ್ರದಲ್ಲಿಯೇ ವಿಚಾರಿಸಿದ್ದನು. ರಷ್ಯದ ಗಣಿತಜ್ಞ ಚೆಬಿಶೇವ್ 1853 ರಲ್ಲಿ ಅದಕ್ಕೆ ಕೊನೆಯ ಉತ್ತರ ಕೊಟ್ಟನು. ಘಾತಾಂಕಗಳು ಭಿನ್ನಗಳಾಗಿರುವಾಗ p, (m + 1)/n, ಇವೆರಡರ ಮೊತ್ತ, ಈ ಮೂರರಲ್ಲಿ ಒಂದಾದರೂ ಪೂರ್ಣಾಂಕವಾದರೆ ಮೂಲದ ಆದೇಶವು ಫಲಿಸುವುದು. ಮೂರೂ ಪೂರ್ಣಾಂಕಗಳಲ್ಲದಿದ್ದರೆ ಪರಿಚಿತ ಫಲನಗಳಲ್ಲಿ ಉತ್ತರವೇ ಇಲ್ಲ. ನಮ್ಮ ಸೋದರರಲ್ಲಿ m ಸೊನ್ನೆ, p ಅರ್ಧ. ಮೊದಲನೆಯದಕ್ಕೆ n ಎಂಬುದು 1/2 ಆದುದರಿಂದ (m + 1)/n ಎಂಬುದು 2, ಪೂರ್ಣಾಂಕ. ಎರಡನೆಯದಕ್ಕೆ n ಎಂಬುದು 3/2. ಆಗ ಮೂರು ಸಂಖ್ಯೆಗಳು 1/2, 2/3, 7/6. ಒಂದೂ ಪೂರ್ಣಾಂಕವಲ್ಲ.

ಹಾಗೆಂದು ಆ ಎರಡನೆಯದರಲ್ಲಿ ಆದೇಶವು ವ್ಯರ್ಥವಾಯಿತೆಂದು ನಾನು ಒಪ್ಪಲಾರೆ. ಸೂತ್ರವಿಲ್ಲದಲ್ಲಿ ಸಂಖ್ಯೆಯನ್ನಾದರೂ ಪಡೆಯಬೇಕಲ್ಲವೆ? √x ಎಂಬುದು ಸೊನ್ನೆಯ ಬಳಿ ಕಡಿದಾಗಿ ಏಳುವುದರಿಂದ ಅಂಥ ಪದಗಳುಳ್ಳ ಅನುಕಲ್ಯಗಳು ಸಿಂಪ್ಸನ್ನನ ನಿಯಮಕ್ಕೆ ಅಷ್ಟಾಗಿ ಒಗ್ಗವು; ಅದೇ 2t√(1 + t³) ಎಂಬ ರೂಪವು 0 ಯಿಂದ 1 ರ ವರೆಗೆ ಎಲ್ಲಿಯೂ ಒರಟಿಲ್ಲದೆ ನಯವಾಗಿದೆ. t ಗೆ 0, 0.25, 0.5, 0.75, 1 ಎಂಬ ಐದೇ ಮೌಲ್ಯಗಳನ್ನು ಕೊಟ್ಟರೆ ಅನುಕಲ್ಯವು ಕ್ರಮವಾಗಿ 0, 0.5039, 1.0607, 1.7886, 2.8284 ಆಗುವುದು, ಮೊದಲನೆಯದಕ್ಕೂ ಕೊನೆಯದಕ್ಕೂ ಒಂದರ ತೂಕ, ನಡುವಿನದಕ್ಕೆ ಎರಡರ ತೂಕ, ಉಳಿದೆರಡಕ್ಕೆ ನಾಲ್ಕರ ತೂಕ ಕೊಟ್ಟು ಕೂಡಿಸಿ 12 ರಿಂದ ಭಾಗಿಸಿದರೆ 1.1767 ದೊರೆಯುವುದು. ಅನಂತಶ್ರೇಣಿಯಿಂದ ಬೇರೆಯಾಗಿ ಗಣಿಸಿದರೆ ಬರುವ ಮೌಲ್ಯ ಸುಮಾರು 1.1765.